ಒಂದೇ ಅಂಕಿ, ಮೂರು ದಾರಿ: ಡ್ಯಾಶ್‌ಬೋರ್ಡ್ ಯಾರಿಗೆ, ಇಮೇಲ್ ವರದಿ ಯಾರಿಗೆ, ಚಾಟ್ ಅಲರ್ಟ್ ಯಾರಿಗೆ?

ಹದಿನೈದಿಪ್ಪತ್ತು ಜನ ಕೆಲಸ ಮಾಡುವ ಒಂದು ಕಂಪನಿ ಆನ್‌ಲೈನಿನಲ್ಲಿ ಸಾಮಾನು ಮಾರುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಸುಮಾರು 350 ಸಲ ಗ್ರಾಹಕರು ಹಣ ಕಟ್ಟಲು ಪ್ರಯತ್ನಿಸುತ್ತಾರೆ. ಎಲ್ಲವೂ ಸರಿಯಿದ್ದ ದಿನ ನೂರಕ್ಕೆ 92 ಪಾವತಿ ಯಶಸ್ವಿಯಾಗುತ್ತವೆ, ಉಳಿದ ಎಂಟು ಬಿದ್ದುಹೋಗುತ್ತವೆ. ಈ ವಿಫಲ ಪಾವತಿಯ ಅಂಕಿ ಕಂಪನಿಯಲ್ಲಿ ಕನಿಷ್ಠ ನಾಲ್ವರಿಗೆ ಬೇಕು. ತಂತ್ರಾಂಶ ನೋಡಿಕೊಳ್ಳುವವರಿಗೆ, ಗ್ರಾಹಕರ ಕರೆ ತೆಗೆದುಕೊಳ್ಳುವವರಿಗೆ, ಲೆಕ್ಕಪತ್ರದವರಿಗೆ, ಮಾಲೀಕರಿಗೆ. ಸಾಮಾನ್ಯವಾಗಿ ಆಗುವುದೇನೆಂದರೆ ಯಾರೋ ಒಬ್ಬರು ಒಂದು ಡ್ಯಾಶ್‌ಬೋರ್ಡ್ ಕಟ್ಟಿ, ಅದರ ಲಿಂಕನ್ನು ನಾಲ್ವರಿಗೂ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಮೊದಲ ವಾರ ಎಲ್ಲರೂ ನೋಡುತ್ತಾರೆ, ಮೂರನೆಯ ವಾರದ ಹೊತ್ತಿಗೆ ಕಟ್ಟಿದವರು ಮಾತ್ರ ನೋಡುತ್ತಿರುತ್ತಾರೆ.

ತಪ್ಪು ಡ್ಯಾಶ್‌ಬೋರ್ಡಿನದಲ್ಲ. ಅಂಕಿ ಒಂದೇ ಆದರೂ ಅದನ್ನು ನೋಡಿ ಈ ನಾಲ್ವರು ಮಾಡುವ ನಿರ್ಧಾರ ಬೇರೆ ಬೇರೆ. ಯಾವ ರೂಪದಲ್ಲಿ ಕೊಡಬೇಕೆಂಬುದನ್ನು ಅಂಕಿಯಲ್ಲ, ಆ ನಿರ್ಧಾರ ಹೇಳುತ್ತದೆ. ಅದಕ್ಕಾಗಿ ಪ್ರತಿಯೊಬ್ಬರ ಬಗ್ಗೆಯೂ ಮೂರು ಪ್ರಶ್ನೆ ಕೇಳಿದರೆ ಸಾಕು. ಈ ಸುದ್ದಿ ಒಂದು ಗಂಟೆ ತಡವಾದರೆ ಏನು ಹೋಗುತ್ತದೆ? ಸುದ್ದಿ ಮುಟ್ಟಿದ ಮೇಲೆ ಅವರು ಕೈಯಾರೆ ಮಾಡುವ ಕೆಲಸವೇನು? ಅಂಕಿ ನೋಡಿದ ತಕ್ಷಣ ‘ಅದರಲ್ಲಿ ಎಷ್ಟು ಇದು, ಎಷ್ಟು ಅದು’ ಎಂದು ಎರಡನೆಯ ಪ್ರಶ್ನೆ ಅವರಿಗೆ ಹುಟ್ಟುತ್ತದೆಯೇ?

ತಡವಾದರೆ ನಷ್ಟವಿದ್ದು, ಮಾಡಬೇಕಾದ ಕೆಲಸವೂ ಗೊತ್ತಿದ್ದರೆ ಅದು ಚಾಟ್ ಅಲರ್ಟ್. ತಡವಾದರೂ ನಡೆಯುತ್ತದೆ, ಆದರೆ ವಾರಕ್ಕೊಮ್ಮೆ ಕುಳಿತು ತೀರ್ಮಾನಿಸಬೇಕು ಎನ್ನುವುದಾದರೆ ಇಮೇಲ್. ಎರಡನೆಯ ಪ್ರಶ್ನೆ ಹುಟ್ಟುವವರಿಗೆ ಡ್ಯಾಶ್‌ಬೋರ್ಡ್. ಮೂರಕ್ಕೂ ‘ಏನೂ ಇಲ್ಲ’ ಎಂಬ ಉತ್ತರ ಬಂದರೆ ಆ ವ್ಯಕ್ತಿಗೆ ಏನನ್ನೂ ಕಳಿಸಬೇಕಿಲ್ಲ. ಈ ನಾಲ್ಕನೆಯ ಆಯ್ಕೆಯನ್ನು ಜನ ಮರೆಯುವುದೇ ಹೆಚ್ಚು.

ಅಲರ್ಟ್: ಕಷ್ಟವಿರುವುದು ಮಿತಿಯಲ್ಲಿ

ಮೂರರಲ್ಲಿ ಸುಲಭವಾಗಿ ಕೆಡುವುದು ಅಲರ್ಟ್. ಸಂದೇಶ ಕಳಿಸುವುದು ಹತ್ತು ನಿಮಿಷದ ಕೆಲಸ, ಯಾವಾಗ ಕಳಿಸಬೇಕೆಂದು ನಿರ್ಧರಿಸುವುದೇ ಕಷ್ಟ.

ಸಹಜವಾಗಿ ಮೊದಲು ಹೊಳೆಯುವ ನಿಯಮ ‘ಕಳೆದ ಒಂದು ಗಂಟೆಯಲ್ಲಿ ನೂರಕ್ಕೆ 20ಕ್ಕಿಂತ ಹೆಚ್ಚು ವಿಫಲವಾದರೆ ತಿಳಿಸು’ ಎಂಬುದು. ದೊಡ್ಡ ಕಂಪನಿಯಲ್ಲಿ ಇದು ನಡೆದೀತು. ನಮ್ಮ ಉದಾಹರಣೆಯ ಕಂಪನಿಯಲ್ಲಿ ಸಂಜೆ ಗಂಟೆಗೆ 40 ಪ್ರಯತ್ನ ಬಂದರೆ, ನಡುರಾತ್ರಿಯಲ್ಲಿ ಬರುವುದು ಎರಡೋ ಮೂರೋ. ಮೂರರಲ್ಲಿ ಒಂದು ಬಿದ್ದರೆ ಶೇಕಡಾ 33. ಹೀಗಾಗಿ ಏನೂ ಕೆಡದಿದ್ದರೂ ರಾತ್ರಿಯಿಡೀ ಫೋನ್ ಗುಂಯ್‌ಗುಡುತ್ತದೆ. ನಾಲ್ಕು ರಾತ್ರಿ ಹೀಗಾದ ಮೇಲೆ ಆ ಚಾನೆಲನ್ನು ಎಲ್ಲರೂ ಮ್ಯೂಟ್ ಮಾಡುತ್ತಾರೆ. ನಿಜವಾಗಿ ಕೆಟ್ಟ ದಿನವೂ ಅದು ಮ್ಯೂಟಿನಲ್ಲೇ ಇರುತ್ತದೆ.

ಸಣ್ಣ ಸಂಖ್ಯೆಗಳಿಗೆ ಗಡಿಯಾರದ ಗಂಟೆಗಿಂತ ಪ್ರಯತ್ನಗಳ ಎಣಿಕೆ ಒಳ್ಳೆಯ ಅಳತೆ. ‘ಕೊನೆಯ 30 ಪ್ರಯತ್ನಗಳಲ್ಲಿ ಎಷ್ಟು ವಿಫಲ’ ಎಂದು ಕೇಳಿ. ಸಾಮಾನ್ಯ ವೈಫಲ್ಯ ಶೇಕಡಾ 8 ಇರುವಾಗ 30ರಲ್ಲಿ ಎರಡು ಮೂರು ಬೀಳುವುದು ಸಹಜ. ಮಿತಿಯನ್ನು 6ಕ್ಕೆ ಇಟ್ಟರೆ, ಯಾವುದೇ ತೊಂದರೆಯಿಲ್ಲದಾಗಲೂ ಕೇವಲ ಆಕಸ್ಮಿಕವಾಗಿ ನೂರು ಸಲ ನೋಡಿದರೆ ಸುಮಾರು ಮೂರು ಸಲ ಅಲರ್ಟ್ ಹೊಡೆಯುತ್ತದೆ. ಐದು ನಿಮಿಷಕ್ಕೊಮ್ಮೆ ನೋಡುವ ವ್ಯವಸ್ಥೆ ದಿನಕ್ಕೆ 288 ಸಲ ನೋಡುತ್ತದೆ ಎಂಬುದನ್ನು ನೆನಪಿಡಿ. ಮಿತಿಯನ್ನು 9ಕ್ಕೆ ಏರಿಸಿದರೆ ಅದೇ ಸಾಧ್ಯತೆ ಹತ್ತು ಸಾವಿರಕ್ಕೆ ಸುಮಾರು ನಾಲ್ಕಕ್ಕೆ ಇಳಿಯುತ್ತದೆ. ಇದಕ್ಕೆ ತೆರುವ ಬೆಲೆ ಸ್ವಲ್ಪ ತಡ. ಸಂಜೆಯ ಹೊತ್ತಿನಲ್ಲಿ ಪಾವತಿಗಳು ನೂರಕ್ಕೆ 60ರಂತೆ ಬೀಳತೊಡಗಿದರೆ, ಒಂಬತ್ತು ತುಂಬಲು ಹನ್ನೆರಡೋ ಹದಿಮೂರೋ ಹೊಸ ಪ್ರಯತ್ನ ಬೇಕು. ಅಂದರೆ ಇಪ್ಪತ್ತು ನಿಮಿಷದಷ್ಟು. ಈ ಗಾತ್ರದ ಕಂಪನಿಗೆ ಇದು ಒಳ್ಳೆಯ ವ್ಯವಹಾರವೇ.

ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಈ ಪ್ರಶ್ನೆಯನ್ನು ಹೀಗೆ ಕೇಳಬಹುದು:

```sql
SELECT COUNT(*) AS attempts,
       SUM(CASE WHEN status = 'failed' THEN 1 ELSE 0 END) AS failed,
       COUNT(DISTINCT CASE WHEN status = 'failed'
                           THEN customer_id END) AS failed_customers,
       MIN(created_at) AS oldest
FROM (
  SELECT status, customer_id, created_at
  FROM payments
  WHERE status IN ('success', 'failed')
    AND created_at < NOW() - INTERVAL '5 minutes'
  ORDER BY created_at DESC
  LIMIT 30
) t;
```

ಇದರಲ್ಲಿ ಮೂರು ಸಣ್ಣ ಅಂಶಗಳಿವೆ, ಮೂರೂ ಅನುಭವದ ಮೇಲೆ ಬರುವಂಥವು. ತೀರಾ ಇತ್ತೀಚಿನ ಐದು ನಿಮಿಷವನ್ನು ಬಿಟ್ಟಿರುವುದು ಏಕೆಂದರೆ, ಹಲವು ಪಾವತಿಗಳು ಬ್ಯಾಂಕಿನ ಉತ್ತರಕ್ಕಾಗಿ ಕೆಲ ನಿಮಿಷ ಮಧ್ಯದಲ್ಲೇ ನಿಂತಿರುತ್ತವೆ. ವಿಫಲವಾದದ್ದು ಬೇಗ ತಿಳಿದು ಯಶಸ್ವಿಯಾದದ್ದು ತಡವಾಗಿ ತಿಳಿಯುವ ಕಡೆ, ತೀರಾ ಹೊಸ ಲೆಕ್ಕ ಯಾವಾಗಲೂ ವಾಸ್ತವಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಎರಡನೆಯದು `failed_customers`. ಒಬ್ಬರೇ ಗ್ರಾಹಕರು ಅವಧಿ ಮುಗಿದ ಕಾರ್ಡನ್ನು ಹಿಡಿದು ಆರು ಸಲ ಪ್ರಯತ್ನಿಸಿದರೆ ಅದು ಆರು ವೈಫಲ್ಯವಾಗಿ ಎಣಿಕೆಯಾಗುತ್ತದೆ. ಆದ್ದರಿಂದ ‘9 ವಿಫಲ, ಮತ್ತು ಕನಿಷ್ಠ 5 ಬೇರೆ ಬೇರೆ ಗ್ರಾಹಕರು’ ಎಂದು ಎರಡೂ ಷರತ್ತು ಸೇರಿಸಿ. ಮೂರನೆಯದು `oldest`. ರಾತ್ರಿ ಹೊತ್ತು ಕೊನೆಯ 30 ಪ್ರಯತ್ನ ಎಂದರೆ ಸಂಜೆಯವರೆಗೂ ಹಿಂದೆ ಹೋಗಬಹುದು. ಸಂಜೆ ಆಗಿ ಮುಗಿದ ತೊಂದರೆಗೆ ರಾತ್ರಿ ಎಬ್ಬಿಸಿ ಪ್ರಯೋಜನವಿಲ್ಲ. ಅತಿ ಹಳೆಯ ಪ್ರಯತ್ನ ಎರಡು ಗಂಟೆಗಿಂತ ಹಿಂದಿನದಾಗಿದ್ದರೆ ಅಲರ್ಟ್ ಬೇಡ.

ಇಷ್ಟಾದರೂ ಒಂದು ತೂತು ಉಳಿಯುತ್ತದೆ. ಪಾವತಿ ಪುಟವೇ ತೆರೆಯದಿದ್ದರೆ ಪ್ರಯತ್ನಗಳೇ ದಾಖಲಾಗುವುದಿಲ್ಲ, ವೈಫಲ್ಯವೂ ಸೊನ್ನೆ. ಅದಕ್ಕೆ ಬೇರೆಯದೇ ಸಣ್ಣ ನಿಯಮ ಬೇಕು. ಹಗಲಿನಲ್ಲಿ 45 ನಿಮಿಷ ಒಂದೂ ಯಶಸ್ವಿ ಪಾವತಿ ಇಲ್ಲದಿದ್ದರೆ ತಿಳಿಸು ಎಂಬಂಥದ್ದು. ಗಂಟೆಗೆ ಹದಿನೈದು ಪ್ರಯತ್ನ ಬರುವ ಹೊತ್ತಿನಲ್ಲಿ 45 ನಿಮಿಷದ ಮೌನ ಆಕಸ್ಮಿಕವಾಗಿರುವುದು ತೀರಾ ಅಪರೂಪ.

ಇನ್ನೊಂದು ಮಾಮೂಲಿ ಎಡವಟ್ಟು, ಷರತ್ತು ನಿಜವಾಗಿರುವಷ್ಟು ಹೊತ್ತೂ ಐದು ನಿಮಿಷಕ್ಕೊಮ್ಮೆ ಅದೇ ಸಂದೇಶ ಬರುವುದು. ಗಂಟೆಗೆ ಹನ್ನೆರಡು. ಅಲರ್ಟಿಗೆ ‘ತೆರೆದಿದೆ’, ‘ಮುಚ್ಚಿದೆ’ ಎಂಬ ಎರಡು ಸ್ಥಿತಿ ಇರಬೇಕು, ಅದನ್ನು ಎಲ್ಲಾದರೂ ಬರೆದಿಡಬೇಕು. 9 ಮುಟ್ಟಿದಾಗ ತೆರೆಯಲಿ, ಒಂದು ಸಂದೇಶ ಹೋಗಲಿ. 4ಕ್ಕೆ ಇಳಿದಾಗ ಮುಚ್ಚಲಿ, ‘ಸರಿಹೋಯಿತು’ ಎಂದು ಇನ್ನೊಂದು ಸಂದೇಶ ಹೋಗಲಿ. ತೆರೆಯುವ ಮತ್ತು ಮುಚ್ಚುವ ಅಂಕಿಗಳ ನಡುವೆ ಅಂತರ ಬಿಡದಿದ್ದರೆ 8, 9, 8, 9 ಎಂದು ತೂಗಾಡುತ್ತ ಹೊಸ ಹೊಸ ಅಲರ್ಟ್ ಹುಟ್ಟುತ್ತಲೇ ಇರುತ್ತವೆ.

ಸಂದೇಶದಲ್ಲಿ ಏನಿರಬೇಕು, ಯಾರಿಗೆ ಹೋಗಬೇಕು

ಅಲರ್ಟನ್ನು ಜನ ಓದುವುದು ಫೋನಿನ ಪರದೆಯ ಮೇಲೆ, ಅದೂ ಮೊದಲ ಎರಡು ಸಾಲು ಮಾತ್ರ. ‘ಪಾವತಿ ವೈಫಲ್ಯ ಹೆಚ್ಚಾಗಿದೆ, ಡ್ಯಾಶ್‌ಬೋರ್ಡ್ ನೋಡಿ’ ಎಂಬುದು ಕೆಟ್ಟ ಸಂದೇಶ. ಎಷ್ಟು ಹೆಚ್ಚು, ಎಲ್ಲಿ, ಯಾವಾಗಿನಿಂದ, ಯಾರು ನೋಡಬೇಕು, ಒಂದಕ್ಕೂ ಉತ್ತರವಿಲ್ಲ. ಇದನ್ನು ನೋಡಿ:

```
ಪಾವತಿ ವಿಫಲ: ಕೊನೆಯ 30ರಲ್ಲಿ 11 (ಸಾಮಾನ್ಯ 2–3)
11ರಲ್ಲಿ 9 ಕಾರ್ಡ್. 8 ಗ್ರಾಹಕರು. ಸುಮಾರು 6:10ರಿಂದ.
ನೋಡುವವರು: ಈ ವಾರದ ಡ್ಯೂಟಿ. ನೋಡುತ್ತಿದ್ದರೆ 👀 ಒತ್ತಿ.
ಮೊದಲ ಹೆಜ್ಜೆ: ಪೇಮೆಂಟ್ ಗೇಟ್‌ವೇಯ ಸ್ಟೇಟಸ್ ಪುಟ, ನಂತರ ಇಂದಿನ ಬದಲಾವಣೆಗಳು
```

ಕೊನೆಗೆ ಡ್ಯಾಶ್‌ಬೋರ್ಡಿನ ಲಿಂಕ್ ಇರಲಿ, ಆದರೆ ಮುಖಪುಟದ್ದಲ್ಲ. ಡ್ಯಾಶ್‌ಬೋರ್ಡ್ ಕಟ್ಟಿದ ಸಾಧನ ಗ್ರಫಾನಾ ಆದರೆ ವಿಳಾಸದ ತುದಿಗೆ `?from=now-3h&to=now` ಸೇರಿಸಿದರೆ ನೇರವಾಗಿ ಕಳೆದ ಮೂರು ಗಂಟೆಯ ಚಿತ್ರ ತೆರೆದುಕೊಳ್ಳುತ್ತದೆ. ಒತ್ತಡದಲ್ಲಿರುವವರ ಕೈಗೆ ಖಾಲಿ ಫಿಲ್ಟರ್ ಕೊಡಬಾರದು.

ಇದು ಯಾರಿಗೆ? ಸರಿಪಡಿಸಬಲ್ಲವರಿಗೆ, ಮತ್ತು ಗ್ರಾಹಕರ ಕರೆ ತೆಗೆದುಕೊಳ್ಳುವವರಿಗೆ. ಎರಡನೆಯವರು ಏನನ್ನೂ ಸರಿಪಡಿಸಲಾರರು, ಆದರೆ ಅವರಿಗೂ ಒಂದು ಕೆಲಸವಿದೆ. ಕರೆ ಮಾಡಿದವರಿಗೆ ‘ಕಾರ್ಡ್ ಬದಲಾಯಿಸಿ ನೋಡಿ’ ಎನ್ನುವ ಬದಲು ‘ಕಾರ್ಡ್ ಪಾವತಿಯಲ್ಲೇ ತೊಂದರೆಯಿದೆ, ಅರ್ಧ ಗಂಟೆ ಬಿಟ್ಟು ಪ್ರಯತ್ನಿಸಿ’ ಎನ್ನುವುದು. ಆ ಒಂದು ಮಾತಿನ ವ್ಯತ್ಯಾಸಕ್ಕಾಗಿ ಅವರು ಚಾನೆಲಿನಲ್ಲಿರಬೇಕು.

ಮಾಲೀಕರು ‘ನನ್ನನ್ನೂ ಸೇರಿಸಿ’ ಎನ್ನುತ್ತಾರೆ. ಸೇರಿಸಿದರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಅಲರ್ಟ್ ಬಂದ ಎರಡನೆಯ ನಿಮಿಷಕ್ಕೆ ‘ಏನಾಯ್ತು?’ ಎಂದು ಕೇಳುತ್ತಾರೆ, ಐದನೆಯ ನಿಮಿಷಕ್ಕೆ ‘ಎಷ್ಟೊತ್ತಾಗುತ್ತೆ?’ ಎನ್ನುತ್ತಾರೆ, ಸರಿಪಡಿಸಬೇಕಾದವರು ಉತ್ತರ ಬರೆಯುತ್ತ ಕೂರುತ್ತಾರೆ. ಅವರ ಕಾಳಜಿಯಲ್ಲಿ ತಪ್ಪೇನಿಲ್ಲ, ಆದರೆ ಮೊದಲ ಅರ್ಧ ಗಂಟೆಯಲ್ಲಿ ಅವರು ಮಾಡಬೇಕಾದ ನಿರ್ಧಾರವೂ ಯಾವುದೂ ಇಲ್ಲ. ಅರ್ಧ ಗಂಟೆ ಕಳೆದೂ ಅಲರ್ಟ್ ಮುಚ್ಚದಿದ್ದರೆ ಇದೆ. ಜಾಹೀರಾತು ನಿಲ್ಲಿಸಬೇಕೆ, ಗ್ರಾಹಕರಿಗೆ ಸೂಚನೆ ಹಾಕಬೇಕೆ ಎಂಬುದು. ಹಾಗಾಗಿ 30 ನಿಮಿಷ ದಾಟಿದಾಗ ಮಾತ್ರ ಅವರಿಗೆ ಪ್ರತ್ಯೇಕವಾಗಿ ಒಂದು ಸಾಲು ಹೋಗುವಂತೆ ಮಾಡಿ. ಹೀಗೆ ಒಪ್ಪಂದವಾದರೆ ಅವರೂ ನಿರಾಳ, ಉಳಿದವರೂ ನಿರಾಳ.

ಇಮೇಲ್: ಹೆಪ್ಪುಗಟ್ಟಿದ ಅಂಕಿ

ಇಮೇಲ್ ವರದಿಯ ದೊಡ್ಡ ಗುಣವೇ ಅದು ಬದಲಾಗದಿರುವುದು. ಲೆಕ್ಕಪತ್ರದವರಿಗೆ ಬೇಕಾದದ್ದು ಅದೇ. ಆ ದಿನ ನಮಗೆ ಗೊತ್ತಿದ್ದದ್ದು ಇಷ್ಟು ಎಂಬ ದಾಖಲೆ. ಮಾಲೀಕರಿಗೂ ವಾರದ ನಿರ್ಧಾರಗಳಿಗೆ ಇದೇ ಸರಿ. ಗೇಟ್‌ವೇ ಬದಲಿಸಬೇಕೆ, ಇನ್ನೊಂದು ಪಾವತಿ ವಿಧಾನ ಸೇರಿಸಬೇಕೆ ಎಂಬಂಥವನ್ನು ಯಾರೂ ಐದು ನಿಮಿಷದಲ್ಲಿ ತೀರ್ಮಾನಿಸುವುದಿಲ್ಲ.

ವಾರದ ವರದಿಯನ್ನು ಸೋಮವಾರ ಬೆಳಿಗ್ಗೆ ಕಳಿಸುವುದು ರೂಢಿ. ಆದರೆ ಭಾನುವಾರ ವಿಫಲವೆಂದು ದಾಖಲಾದ ಕೆಲವು ಪಾವತಿಗಳು ಸೋಮವಾರದ ಹೊತ್ತಿಗೆ ಯಶಸ್ವಿ ಎಂದು ತಿದ್ದುಪಡಿಯಾಗುತ್ತವೆ. ಆದ್ದರಿಂದ ಪಾವತಿಯ ವರದಿಗೆ ಮಂಗಳವಾರ ಬೆಳಿಗ್ಗೆ ಒಳ್ಳೆಯದು. ಗೊತ್ತಾದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಇದು `0 9 * * 2`. ಸರ್ವರಿನ ಗಡಿಯಾರ ಯುಟಿಸಿಯಲ್ಲಿದ್ದರೆ ಆ 9 ನಿಮ್ಮ 9 ಅಲ್ಲ ಎಂಬುದನ್ನು ನೋಡಿಕೊಳ್ಳಿ. ‘ದಿನ’ ಎಲ್ಲಿಗೆ ಮುಗಿಯುತ್ತದೆ ಎಂಬುದೂ ಅದರ ಜೊತೆಗೇ ಜರುಗುತ್ತದೆ.

ವಿಷಯದ ಸಾಲಿನಲ್ಲೇ ಅಂಕಿ ಇರಲಿ: ‘ವಾರದ ಪಾವತಿ: 2,412 ಪ್ರಯತ್ನ, 90.8% ಯಶಸ್ವಿ (ಹೋದ ವಾರ 92.1%)’. ಇಮೇಲ್ ತೆರೆಯದವರಿಗೂ ವಿಷಯ ಮುಟ್ಟಿತು. ಒಳಗೆ ಮೊದಲು ಒಬ್ಬ ಮನುಷ್ಯ ಬರೆದ ಎರಡು ವಾಕ್ಯ: ಏನು ಬದಲಾಯಿತು, ಏಕೆ ಇರಬಹುದು. ಅದರ ಕೆಳಗೆ ಪಾವತಿ ವಿಧಾನವಾರು ನಾಲ್ಕೈದು ಸಾಲಿನ ಕೋಷ್ಟಕ, ಈ ವಾರ, ಹೋದ ವಾರ, ನಾಲ್ಕು ವಾರದ ಸರಾಸರಿ. ಕೊನೆಗೆ ‘ಈ ವಾರ ತೀರ್ಮಾನಿಸಬೇಕಾದದ್ದು’ ಎಂದು ಒಂದು ಸಾಲು. ಆ ಎರಡು ವಾಕ್ಯ ಬರೆಯಲು ಯಾರಿಗೂ ಪುರುಸೊತ್ತಿಲ್ಲ ಎಂದಾದರೆ ಆ ವರದಿಯನ್ನು ಓದಲೂ ಯಾರಿಗೂ ಪುರುಸೊತ್ತಿರುವುದಿಲ್ಲ.

ಅಂಕಿಗಳನ್ನು ಚಿತ್ರವಾಗಿ ಅಂಟಿಸಬೇಡಿ. ಚಿತ್ರಗಳನ್ನು ತಾನಾಗಿ ತೋರಿಸದ ಮೇಲ್ ಆ್ಯಪ್‌ಗಳು ಇನ್ನೂ ಇವೆ, ಅಲ್ಲಿ ನಿಮ್ಮ ವರದಿ ಖಾಲಿ ಚೌಕವಾಗಿ ಕಾಣುತ್ತದೆ. ಜಿಮೇಲ್ ಸುಮಾರು 102 ಕೆಬಿ ದಾಟಿದ ಸಂದೇಶವನ್ನು ಮಧ್ಯದಲ್ಲೇ ಕತ್ತರಿಸುತ್ತದೆ. ಉದ್ದ ಕೋಷ್ಟಕಗಳಿಗೆ ಬೇಗ ಆ ಗತಿ ಬರುತ್ತದೆ, ಒಟ್ಟು ಮೊತ್ತದ ಸಾಲು ಕೆಳಗಿದ್ದರೆ ಅದೇ ಮಾಯ. ಗ್ರಾಹಕರ ಹೆಸರು, ಫೋನ್ ನಂಬರ್ ಮೇಲ್‌ನಲ್ಲಿ ಬೇಡವೇ ಬೇಡ. ಮೇಲ್ ಫಾರ್ವರ್ಡ್ ಆಗುತ್ತದೆ, ಆಮೇಲೆ ಅದು ಎಲ್ಲೆಲ್ಲಿದೆ ಎಂದು ಹೇಳುವವರಿಲ್ಲ. ಲೆಕ್ಕಪತ್ರದವರಿಗೆ ಸಾಲು ಸಾಲಾಗಿ ವಿವರ ಬೇಕಾದರೆ, ಲಾಗಿನ್ ಕೇಳುವ ಕಡತದ ಲಿಂಕ್ ಕೊಡಿ.

ಓದುತ್ತಾರೋ ಇಲ್ಲವೋ ತಿಳಿಯಲು, ಮೇಲ್‌ನಲ್ಲಿ ಅಡಗಿಸಿದ ಚಿತ್ರ ಇಳಿದದ್ದನ್ನು ಎಣಿಸುವ ‘ಓಪನ್ ರೇಟ್’ ನಂಬಬೇಡಿ. 2021ರಿಂದ ಆ್ಯಪಲ್ ಮೇಲ್ ತನ್ನ ಗೌಪ್ಯತಾ ರಕ್ಷಣೆಯಡಿ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುವುದರಿಂದ, ತೆರೆಯದ ಮೇಲ್ ಕೂಡ ತೆರೆದಂತೆ ಎಣಿಕೆಯಾಗಬಹುದು. ಇದಕ್ಕಿಂತ ನಂಬಿಕೆಯ ವಿಧಾನ, ಒಂದು ವಾರ ವರದಿ ಕಳಿಸದೆ ಸುಮ್ಮನಿದ್ದು ಯಾರು ಕೇಳುತ್ತಾರೆಂದು ನೋಡುವುದು. ಸ್ವಲ್ಪ ಕುಚೋದ್ಯದ್ದು, ಆದರೆ ಉತ್ತರ ಖಚಿತ.

ಡ್ಯಾಶ್‌ಬೋರ್ಡ್: ಎರಡನೆಯ ಪ್ರಶ್ನೆಯವರಿಗೆ

ಡ್ಯಾಶ್‌ಬೋರ್ಡ್ ತಾನಾಗಿ ಯಾರ ಬಳಿಗೂ ಹೋಗುವುದಿಲ್ಲ, ಅದನ್ನು ಹುಡುಕಿಕೊಂಡು ಬರಬೇಕು. ಬರುವವರು ಈಗಾಗಲೇ ಪ್ರಶ್ನೆ ಹಿಡಿದುಕೊಂಡವರು. ಅಲರ್ಟ್ ನೋಡಿ ‘ಕಾರ್ಡಿನಲ್ಲಿ ಯಾವ ಬ್ಯಾಂಕ್?’ ಎನ್ನುವವರು, ಅಥವಾ ವಾರದ ಮೇಲ್ ಓದಿ ‘ಹೊಸ ಆ್ಯಪ್ ಆವೃತ್ತಿಯಲ್ಲಿ ಮಾತ್ರವೇ?’ ಎನ್ನುವವರು. ಈ ಕಂಪನಿಯಲ್ಲಿ ಅಂಥವರು ಇಬ್ಬರೋ ಮೂವರೋ ಇದ್ದಾರು. ಅವರಿಗಾಗಿ ಕಟ್ಟಿ, ಇಪ್ಪತ್ತು ಜನಕ್ಕಲ್ಲ. ಗೋಡೆಯ ಮೇಲಿನ ಟಿವಿಯಲ್ಲಿ ಡ್ಯಾಶ್‌ಬೋರ್ಡ್ ಹಾಕುವುದು ಅತಿಥಿಗಳಿಗೆ ಚೆಂದ, ಕೆಲಸಕ್ಕೆ ಬಾರದು. ಎಲ್ಲರಿಗೂ ಕಾಣುವುದನ್ನು ನೋಡುವುದು ಯಾರೊಬ್ಬರ ಕೆಲಸವೂ ಆಗಿರುವುದಿಲ್ಲ.

ಮೇಲ್ಭಾಗದಲ್ಲಿ ‘ಕೊನೆಯದಾಗಿ ನವೀಕರಿಸಿದ ಸಮಯ’ ಇರಲೇಬೇಕು. ದತ್ತಾಂಶ ತುಂಬುವ ಕೆಲಸ ನಿನ್ನೆ ರಾತ್ರಿಯೇ ನಿಂತಿದ್ದರೂ ಗ್ರಾಫು ಸಲೀಸಾಗಿ ಕಾಣುತ್ತಿರುತ್ತದೆ, ಅದೇ ಅಪಾಯ. ನಿನ್ನೆಯ ಜೊತೆ ಹೋಲಿಕೆ ಬೇಡ, ಹೋದ ವಾರದ ಅದೇ ದಿನದ ಅದೇ ಗಂಟೆಯ ಜೊತೆ ಹೋಲಿಸಿ. ಭಾನುವಾರವನ್ನು ಶನಿವಾರದ ಜೊತೆ ಹೋಲಿಸಿದರೆ ಪ್ರತಿ ಭಾನುವಾರವೂ ಏನೋ ಕೆಟ್ಟಂತೆ ಕಾಣುತ್ತದೆ. ಶೇಕಡಾ ಗ್ರಾಫಿನ ಪಕ್ಕದಲ್ಲೇ ಪ್ರಯತ್ನಗಳ ಸಂಖ್ಯೆಯ ಗ್ರಾಫೂ ಇರಲಿ. ಇಲ್ಲದಿದ್ದರೆ ರಾತ್ರಿ ಮೂರರಲ್ಲಿ ಒಂದು ಬಿದ್ದದ್ದು ದೊಡ್ಡ ಗೋಪುರವಾಗಿ ನಿಂತು ಹೊಸಬರನ್ನು ಗಾಬರಿಪಡಿಸುತ್ತದೆ.

ಮೂರೂ ಬೇರೆ ಬೇರೆ ಅಂಕಿ ಹೇಳಿದಾಗ

ಮೇಲ್‌ನಲ್ಲಿ 90.8, ಡ್ಯಾಶ್‌ಬೋರ್ಡಿನಲ್ಲಿ ಅದೇ ವಾರಕ್ಕೆ 91.4. ಸಭೆಯ ಅರ್ಧ ಹೊತ್ತು ಯಾವುದು ಸರಿ ಎಂಬ ಜಗಳಕ್ಕೇ ಹೋಗುತ್ತದೆ. ಕಾರಣ ಬಹುತೇಕ ಈ ಮೂರರಲ್ಲೊಂದು. ಒಂದು ಕಡೆ ಮರುಪ್ರಯತ್ನಗಳನ್ನು ಎಣಿಸಿದ್ದಾರೆ, ಇನ್ನೊಂದು ಕಡೆ ಇಲ್ಲ. ದಿನದ ಗಡಿ ಒಂದು ಕಡೆ ಸ್ಥಳೀಯ ಮಧ್ಯರಾತ್ರಿ, ಇನ್ನೊಂದು ಕಡೆ ಯುಟಿಸಿ. ಅಥವಾ ಮೇಲ್ ಹೋದ ಮೇಲೆ ಕೆಲವು ಪಾವತಿಗಳ ಸ್ಥಿತಿ ತಿದ್ದುಪಡಿಯಾಗಿದೆ. ಮೊದಲೆರಡಕ್ಕೆ ಮದ್ದು, ಎಣಿಸುವ ನಿಯಮವನ್ನು ಡೇಟಾಬೇಸಿನ ಒಂದೇ `VIEW`ನಲ್ಲಿ ಬರೆದು ಮೂರೂ ಅದನ್ನೇ ಓದುವಂತೆ ಮಾಡುವುದು. ಮೂರನೆಯದು ತಪ್ಪೇ ಅಲ್ಲ. ಮೇಲ್‌ನ ಅಡಿಯಲ್ಲಿ ‘ಮಂಗಳವಾರ 9:00ರವರೆಗಿನ ದತ್ತಾಂಶ, ನಂತರದ ತಿದ್ದುಪಡಿಗಳು ಡ್ಯಾಶ್‌ಬೋರ್ಡಿನಲ್ಲಿ’ ಎಂದು ಬರೆದರೆ ಜಗಳ ಹುಟ್ಟುವ ಮೊದಲೇ ತೀರುತ್ತದೆ.

ಹೊತ್ತು ಬದಲಾದರೆ ಆಯ್ಕೆಯೂ ಹೇಗೆ ಬದಲಾಗುತ್ತದೆ ಎಂಬುದಕ್ಕೆ ದಾಸ್ತಾನನ್ನು ನೋಡಿ. ‘ಸ್ಟಾಕ್ ಹತ್ತಕ್ಕೆ ಇಳಿಯಿತು’ ಎಂಬ ಅಲರ್ಟನ್ನು ಎಲ್ಲರೂ ಮೊದಲು ಹಾಕುತ್ತಾರೆ. ಆದರೆ ಖರೀದಿಯವರು ಸರಬರಾಜುದಾರರಿಗೆ ಆರ್ಡರ್ ಕೊಡುವುದು ವಾರಕ್ಕೊಮ್ಮೆ, ಗುರುವಾರ ಸಂಜೆ ಎಂದಾದರೆ, ಶುಕ್ರವಾರ ಬಂದ ಅಲರ್ಟಿನಿಂದ ಅವರು ಮಾಡುವುದೇನು? ಓದಿ ಮರೆಯುವುದು. ಗುರುವಾರ ಬೆಳಿಗ್ಗೆ ಒಂದು ಮೇಲ್, ಅದರಲ್ಲಿ ಈಗಿನ ವೇಗದಲ್ಲಿ ಮಾರಾಟವಾದರೆ ಮುಂದಿನ ಸರಕು ಬರುವ ಮೊದಲೇ ಮುಗಿಯುವ ವಸ್ತುಗಳ ಪಟ್ಟಿ, ಇಷ್ಟೇ ಸಾಕು. ಒಂದು ಅಪವಾದವಿದೆ. ಜಾಹೀರಾತು ಓಡುತ್ತಿರುವ ವಸ್ತು ಸೊನ್ನೆ ಮುಟ್ಟಿದರೆ ಮಾರ್ಕೆಟಿಂಗಿನವರಿಗೆ ಚಾಟ್ ಸಂದೇಶ ಹೋಗಬೇಕು, ಏಕೆಂದರೆ ಅವರು ಜಾಹೀರಾತನ್ನು ಆ ಕ್ಷಣವೇ ನಿಲ್ಲಿಸಬಲ್ಲರು. ದಾಸ್ತಾನಿನ ಅಂಕಿ ಅದೇ, ಓದುವವರು ಬೇರೆಯಾದ್ದರಿಂದ ದಾರಿಯೂ ಬೇರೆ.

ಇದೆಲ್ಲ ಹಾಕಿದ ಮೇಲೂ ಎರಡು ಕೆಲಸ ಉಳಿಯುತ್ತವೆ. ಅಲರ್ಟ್ ನೋಡುವ ಸ್ಕ್ರಿಪ್ಟೇ ಸತ್ತುಹೋದರೆ ಚಾನೆಲ್ ಶಾಂತವಾಗಿರುತ್ತದೆ, ಎಲ್ಲರೂ ಎಲ್ಲ ಚೆನ್ನಾಗಿದೆ ಎಂದುಕೊಳ್ಳುತ್ತಾರೆ. ಆ ಸ್ಕ್ರಿಪ್ಟ್ ಪ್ರತಿ ಸಲ ಓಡಿದಾಗಲೂ ಸಮಯವನ್ನು ಬರೆದಿಡಲಿ. 15 ನಿಮಿಷ ಹೊಸ ಸಮಯ ಬಾರದಿದ್ದರೆ ಬೇರೊಂದು ಯಂತ್ರದಲ್ಲಿರುವ ಕಾವಲು ವ್ಯವಸ್ಥೆ ತಿಳಿಸಲಿ. ಗ್ರಫಾನಾದಂಥ ಸಾಧನಗಳಲ್ಲಿ ದತ್ತಾಂಶವೇ ಬಾರದಿದ್ದರೆ ಏನು ಮಾಡಬೇಕೆಂದು ‘No Data’ ಎಂಬಲ್ಲಿ ಹೇಳಬಹುದು, ಅದನ್ನು ‘ಸರಿಯಿದೆ’ ಎಂದು ಇಟ್ಟಿದ್ದರೆ ಬದಲಿಸಿ.

ಇನ್ನೊಂದು, ತಿಂಗಳಿಗೊಮ್ಮೆ ಅಲರ್ಟುಗಳ ಲೆಕ್ಕ ತೆಗೆಯುವುದು. ಪ್ರತಿ ಅಲರ್ಟಿನ ಮುಂದೆ, ಯಾರಾದರೂ ಏನಾದರೂ ಮಾಡಿದರೇ ಎಂದು ಹೌದು ಅಥವಾ ಇಲ್ಲ ಬರೆಯಿರಿ. ಅರ್ಧಕ್ಕಿಂತ ಹೆಚ್ಚು ‘ಇಲ್ಲ’ ಬಂದ ನಿಯಮದ ಮಿತಿಯನ್ನು ಏರಿಸಿ, ಮುಂದಿನ ತಿಂಗಳೂ ಹಾಗೇ ಇದ್ದರೆ ಚಾನೆಲಿನಿಂದ ತೆಗೆದು ವಾರದ ಮೇಲ್‌ನಲ್ಲಿ ಒಂದು ಸಾಲಾಗಿ ಸೇರಿಸಿ. ಅಲ್ಲಿಯೂ ಎರಡು ತಿಂಗಳು ಯಾರೂ ಅದರ ಬಗ್ಗೆ ಮಾತೆತ್ತದಿದ್ದರೆ ಆ ಸಾಲನ್ನೂ ಅಳಿಸಿ, ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಉಳಿಸಿ.